ಹಳೇದನ್ನು ತೆಗೆಯುವ ಮೊದಲು

ಒಂದು ಪುಟದ ಕಾಗದಕ್ಕೆ ಮಹಾನಂದಾ ನಾಲ್ಕು ದಿನ ತೆಗೆದುಕೊಂಡಳು. ಮೊದಲ ದಿನ ಬರೆದದ್ದು ಸರ್ಕಾರಿ ಸುತ್ತೋಲೆಯ ಹಾಗೆ ಕಂಡಿತೆಂದು ಹರಿದು ಹಾಕಿದಳು. ಎರಡನೆಯ ದಿನ ಬರೆದದ್ದು ಮರುದಿನ ಬೆಳಿಗ್ಗೆ ಅವಳಿಗೇ ಅರ್ಥವಾಗಲಿಲ್ಲ. ಮೂರನೆಯ ದಿನ, ಕೆಳಗಿನ ಬೀಜದಂಗಡಿಗೆ ಬಂದಿದ್ದ ಹೆಂಗಸೊಬ್ಬಳನ್ನು ಮೇಲೆ ಕರೆದು, ಚಹಾ ಕೊಟ್ಟು, ಓದಿ ಹೇಳಿದಳು. ಆಕೆ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿ, ಇದು ರೇಷನ್ ಕಾರ್ಡಿನ ಕಾಗದವೇ ಎಂದು ವಿಚಾರಿಸಿದಳು.

ಆಳಂದದ ಬಸ್ ನಿಲ್ದಾಣದ ಹಿಂದೆ, ಬೀಜದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಹೈನುಗಾರ ಮಹಿಳೆಯರ ಒಕ್ಕೂಟದ ಕಚೇರಿ ಇತ್ತು. ಮಹಾನಂದಾ ಅಲ್ಲಿ ಸಂಯೋಜಕಿ. ವಯಸ್ಸು ನಲವತ್ತಾರು. ಹಿಂದೆ ಸಾಕ್ಷರತಾ ಆಂದೋಲನದಲ್ಲಿ ಊರೂರು ತಿರುಗಿ ಹೆಂಗಸರಿಗೆ ಅಕ್ಷರ ಕಲಿಸಿದವಳು. ಈಗ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕಿನ ಹದಿನಾಲ್ಕು ಪಶುಸಖಿಯರು ಅವಳ ಕೈಕೆಳಗಿದ್ದರು. ಪಶುಸಖಿಯೆಂದರೆ ಊರಿನ ದನಕರುಗಳ ಆರೈಕೆಯ ಲೆಕ್ಕ ಇಡುವವಳು. ಯಾವ ಎಮ್ಮೆ ಎಂದು ಬೆದೆಗೆ ಬಂತು, ಎಂದು ಇಂಜೆಕ್ಷನ್ ಕೊಡಿಸಿ ಗಬ್ಬ ಮಾಡಿಸಿದರು, ಯಾವ ಕರುವಿಗೆ ಜಂತುಹುಳುವಿನ ಔಷಧ ಕುಡಿಸಬೇಕು, ಇವೆಲ್ಲ ಅವಳ ಬಾಯಲ್ಲಿರಬೇಕು. ಬಾಯಲ್ಲಿದ್ದದ್ದು ವಹಿಗೆ ಬಂದಿತ್ತು. ಕಳೆದ ಆರು ತಿಂಗಳಿಂದ ವಹಿಯಿಂದ ಫೋನಿಗೆ ಬರುತ್ತಿತ್ತು.

ಫೋನಿನ ಆ ಆ್ಯಪಿಗೆ ಗೋದಲಿ ಎಂದು ಹೆಸರು. ದನಕ್ಕೆ ಮೇವು ಹಾಕುವ ಗೋದಲಿಯೇ. ಮಾಡಿದವಳು ಜೇವರ್ಗಿಯ ಭಾಗ್ಯಜ್ಯೋತಿ. ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ ಮುಗಿಸಿ, ತಂದೆಯ ಟೇಲರ್ ಅಂಗಡಿಯ ಮಹಡಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದ ಇಪ್ಪತ್ತೈದರ ಹುಡುಗಿ. ಇಡೀ ಜಿಲ್ಲೆಗೆ ಹಂಚುವ ಮೊದಲು ಈ ಹದಿನಾಲ್ಕು ಮಂದಿ ಬಳಸಿ ನೋಡಿ ತಪ್ಪು ಹುಡುಕಿ ಕೊಡಬೇಕೆಂದು ಒಕ್ಕೂಟ ಒಪ್ಪಿಕೊಂಡಿತ್ತು. ತಪ್ಪಿಗೆ ಇಂಗ್ಲಿಷಿನಲ್ಲಿ ಬಗ್ ಎನ್ನುತ್ತಾರೆ, ಹುಳ ಎಂದರ್ಥ ಎಂದು ಭಾಗ್ಯಜ್ಯೋತಿ ಮೊದಲ ಸಭೆಯಲ್ಲಿ ಹೇಳಿದ್ದೇ ತಡ, ಹೆಂಗಸರಿಗೆ ಅದು ಸರಿಯಾಗಿ ಹಿಡಿಸಿತು. ಗಾಯಕ್ಕೆ ಹುಳ ಬಿದ್ದ ದನವನ್ನು ಅವರು ಕಾಣದ್ದೇನಲ್ಲ.

ಹೊಸ ಆವೃತ್ತಿ ಬಂದಾಗಲೆಲ್ಲ ಏನು ಬದಲಾಗಿದೆ, ತಪ್ಪು ಕಂಡರೆ ಹೇಗೆ ತಿಳಿಸಬೇಕು ಎಂದು ವಾಟ್ಸಾಪ್ ಗುಂಪಿಗೆ ಒಂದು ಕಾಗದ ಹೋಗುತ್ತಿತ್ತು. ಮೊದಲು ಅದನ್ನು ಭಾಗ್ಯಜ್ಯೋತಿಯೇ ಬರೆಯುತ್ತಿದ್ದಳು. ‘ಸಣ್ಣಪುಟ್ಟ ದೋಷ ನಿವಾರಣೆ, ಕಾರ್ಯಕ್ಷಮತೆ ಸುಧಾರಣೆ’ ಎಂದು ಎರಡು ಸಾಲು. ಅದಕ್ಕೆ ಹದಿನಾಲ್ಕು ಮಂದಿಯಿಂದ ಹದಿನಾಲ್ಕು ಹೆಬ್ಬೆರಳು ಬರುತ್ತಿದ್ದವು, ಕೆಲವೊಮ್ಮೆ ಜೊತೆಗೆ ಒಂದು ಗುಲಾಬಿ ಹೂ. ದೂರೆಂದು ಬಂದರೆ ‘ಆ್ಯಪ್ ಕೆಟ್ಟದ್ರಿ’ ಎಂಬ ಎರಡೇ ಶಬ್ದ. ಇಷ್ಟರಿಂದ ತಾನು ಏನು ರಿಪೇರಿ ಮಾಡಲಿ ಎಂದು ಭಾಗ್ಯಜ್ಯೋತಿ ಫೋನಿನಲ್ಲಿ ಅಳುವಂತಾದಳು. ಕೊನೆಗೆ ಒಕ್ಕೂಟದ ಕಾರ್ಯದರ್ಶಿ ಜಗದೇವ ಕಾಗದದ ಕೆಲಸವನ್ನು ಮಹಾನಂದಾಳ ಕೊರಳಿಗೆ ಕಟ್ಟಿದ.

ನಾಲ್ಕನೆಯ ದಿನ ಅವಳಿಗೆ ದಾರಿ ಕಂಡದ್ದು ದನದ ಡಾಕ್ಟರರಿಂದ. ಪಶುಸಖಿಯೊಬ್ಬಳು ಡಾಕ್ಟರಿಗೆ ಫೋನ್ ಮಾಡಿ ಎಮ್ಮೆಗೆ ಹುಷಾರಿಲ್ಲ ಎಂದರೆ ಅವರು ಬಿಡುತ್ತಾರೆಯೇ? ಯಾವಾಗಿನಿಂದ, ಏನು ತಿಂದಿತ್ತು, ಮೆಲುಕು ಹಾಕುತ್ತಿದೆಯೋ ಇಲ್ಲವೋ, ಮೊದಲು ಹೀಗೆ ಆಗಿತ್ತೋ ಎಂದು ಕೇಳುತ್ತಾರೆ. ಹೆಂಗಸರೂ ಪಟಪಟನೆ ಹೇಳುತ್ತಾರೆ. ಆ್ಯಪಿನ ಬಗ್ಗೆಯೂ ಹಾಗೆಯೇ ಹೇಳಿರಿ ಎಂದು ಅವಳು ಬರೆದಳು. ಏನು ಮಾಡುತ್ತಿದ್ದಿರಿ, ಏನು ಬರಬೇಕಿತ್ತು, ಏನು ಬಂತು, ಮತ್ತೊಮ್ಮೆ ಮಾಡಿದರೂ ಹಾಗೇ ಆಗುತ್ತದೆಯೋ. ಬರೆದು ಓದಿಕೊಂಡಾಗ ಮೊದಲ ಬಾರಿಗೆ ಅವಳಿಗೆ ತನ್ನ ಕಾಗದದ ಮೇಲೆ ಪ್ರೀತಿ ಹುಟ್ಟಿತು.

ಬದಲಾವಣೆಗಳ ಪಟ್ಟಿಯೂ ಈ ಸಲ ದೊಡ್ಡದಿತ್ತು. ಹಳೆಯ ಎಂಟನೆಯ ಆವೃತ್ತಿಯಲ್ಲಿ ಆಕಳಿಗೂ ಎಮ್ಮೆಗೂ ಗಬ್ಬದ ಲೆಕ್ಕ ಒಂದೇ ಇತ್ತು, ಇನ್ನೂರ ಎಂಬತ್ಮೂರು ದಿನ. ಎಮ್ಮೆ ಹೊರುವುದು ಹತ್ತಿರ ಹತ್ತಿರ ಮುನ್ನೂರ ಹತ್ತು. ಒಂಬತ್ತನೆಯದರಲ್ಲಿ ಅದನ್ನು ಸರಿಪಡಿಸಿದ್ದರಿಂದ ಬರೆದಿಟ್ಟ ಎಲ್ಲ ಎಮ್ಮೆಗಳ ಈಯುವ ದಿನವೂ ಇಪ್ಪತ್ತೇಳು ದಿನ ಮುಂದೆ ಹೋಗುತ್ತಿತ್ತು. ಮೊದಲೇ ಹೇಳದಿದ್ದರೆ ಹೆಂಗಸರು ಗಾಬರಿಯಾಗುತ್ತಾರೆಂದು ಮಹಾನಂದಾ ಅದಕ್ಕೆ ಐದು ಸಾಲು ಕೊಟ್ಟಳು. ಫೋನಿನಿಂದ ಇನ್ನೂ ಹೋಗದೆ ಉಳಿದ ದಾಖಲೆ ಎಷ್ಟು ಎಂದು ಮೇಲುಗಡೆ ಅಂಕಿ ಕಾಣುತ್ತದೆ ಎಂಬುದಕ್ಕೂ ಎರಡು ಸಾಲು.

ಕಳಿಸುವ ಹಿಂದಿನ ಸಂಜೆ ಭಾಗ್ಯಜ್ಯೋತಿಯ ಫೋನು ಬಂತು. ಅವಳ ಹಳೆಯ ಲ್ಯಾಪ್‌ಟಾಪ್ ಕೆಟ್ಟು, ಹೊಸದರಲ್ಲಿ ಆ್ಯಪ್ ಕಟ್ಟಿದ್ದಳಂತೆ. ಆ್ಯಪಿಗೆ ಲ್ಯಾಪ್‌ಟಾಪ್ ಹಾಕುವ ಸಹಿಯಂಥ ಗುರುತು ಈಗ ಬೇರೆಯಾಗಿದೆ, ಗುರುತು ಬೇರೆಯಾದರೆ ಫೋನು ಹಳೆಯದರ ಮೇಲೆ ಹೊಸದನ್ನು ಕೂರಿಸಿಕೊಳ್ಳುವುದಿಲ್ಲ. ಹಳೆಯದನ್ನು ತೆಗೆದು ಹೊಸದು ಹಾಕಿಕೊಳ್ಳಿ ಎಂದು ಒಂದು ಸಾಲು ಸೇರಿಸಿ ಎಂದಳು. ಮಹಾನಂದಾ ಸೇರಿಸಿದಳು. ನಾಲ್ಕು ದಿನ ಒಂದೊಂದು ಶಬ್ದ ತೂಗಿದವಳು ಆ ಸಾಲಿಗೆ ನಾಲ್ಕು ನಿಮಿಷವೂ ಕೊಡಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಾಗದವೂ ಹೊಸ ಆವೃತ್ತಿಯ ಫೈಲೂ ಗುಂಪಿಗೆ ಹೋದವು. ಹನ್ನೊಂದರೊಳಗೆ ಆರು ಹೆಬ್ಬೆರಳು ಬಂದವು. ಓದದೆಯೇ ಒತ್ತಿದವು ಎಂದು ಮಹಾನಂದಾಳಿಗೆ ಗೊತ್ತಿತ್ತು, ಆದರೂ ಎಣಿಸಿದಳು.

ಹನ್ನೊಂದು ಗಂಟೆ ದಾಟಿದ ಮೇಲೆ ಘತ್ತರಗಿಯಿಂದ ನಿಂಬೆವ್ವನ ಕರೆ ಬಂತು. ನಿಂಬೆವ್ವನಿಗೆ ಐವತ್ತೆಂಟು. ಮಹಾನಂದಾಳ ಸಾಕ್ಷರತಾ ವರ್ಗದಲ್ಲಿಯೇ ಅಕ್ಷರ ಕಲಿತವಳು, ಕಲಿತದ್ದನ್ನು ಬಿಡದೆ ಉಳಿಸಿಕೊಂಡವಳು. ಭೀಮಾ ದಂಡೆಯ ಅವರ ಓಣಿಯಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ನದಿಯ ಮೇಲಿನ ಗಾಳಿಯ ಮರ್ಜಿ. ಮಾತಾಡಬೇಕೆಂದರೆ ಆಕೆ ಭಾಗ್ಯವಂತಿ ಗುಡಿಯ ಕಡೆಗೆ ನಡೆದು, ಎತ್ತರದ ಕಟ್ಟೆಯ ಮೇಲೆ ನಿಲ್ಲಬೇಕು. ಹಿಂದೆ ಗುಡಿಯ ಗಂಟೆ ಕೇಳುತ್ತಿತ್ತು.

ಕಾಗದವನ್ನು ಎರಡು ಸಲ ಓದಿದೆ, ಚೆನ್ನಾಗಿದೆ, ಡಾಕ್ಟರರ ಮಾತು ಸರಿಯಾಗಿ ಹೇಳಿದ್ದೀ ಎಂದು ಮೊದಲು ಹೊಗಳಿದಳು. ಆಮೇಲೆ ಕೇಳಿದಳು.

"ಯವ್ವಾ ಮಾನಂದಾ, ಒಂದು ಮಾತು ತಿಳೀವಲ್ದು. ಹತ್ತು ದಿನದಿಂದ ನಮ್ಮ ಓಣ್ಯಾಗ ನೆಟವರ್ಕ್ ಇಲ್ಲ, ಇಲ್ಲಿ ಗುಡಿ ಕಟ್ಟಿ ಮ್ಯಾಲ ಮಾತು, ಕಾಗದ ಬರ್ತಾವ, ದಾಖಲೆ ಹೋಗವಲ್ವು. ನಾ ಬರದದ್ದೆಲ್ಲಾ ಇನ್ನೂ ಫೋನಿನಾಗೇ ಕುಂತದ, ಬಾಜೂಕ ಸಣ್ಣ ಗಡಿಯಾರ ತೋರಸ್ತದ. ಹಳೇದು ತಗದ್ರ ಅವು ಎಲ್ಲಿ ಕುಂಡ್ರಬೇಕು?"

ಮಹಾನಂದಾ ಕಾಗದದ ಆ ಸಾಲನ್ನು ಮತ್ತೆ ತೆಗೆದು ನೋಡಿದಳು. ಎಷ್ಟು ದಾಖಲೆ ಎಂದು ಕೇಳಿದಳು. ನಲವತ್ತೊಂದು ಎಂದಳು ನಿಂಬೆವ್ವ.

"ಯಕ್ಕಾ, ಏನೂ ಮುಟ್ಟಬ್ಯಾಡ್ರಿ. ನಾ ಕೇಳಿ ಹೇಳ್ತೇನಿ. ಅಲ್ಲೇ ನಿಂದಿರ್ರಿ."

ಭಾಗ್ಯಜ್ಯೋತಿ ಕರೆ ಎತ್ತಿಕೊಂಡಾಗ ಕೆಳಗಿನ ಅಂಗಡಿಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಮಹಾನಂದಾ ನಿಂಬೆವ್ವನ ಪ್ರಶ್ನೆಯನ್ನು ಹಾಗೆಯೇ ಅವಳ ಮುಂದಿಟ್ಟಳು.

"ಅಕ್ಕಾ, ಹೋಗ್ತಾವ್ರಿ," ಎಂದಳು ಭಾಗ್ಯಜ್ಯೋತಿ. "ಹಳೇದು ತಗದ್ರ ಕಳಸಲಾರದ್ದು ಎಲ್ಲಾ ಹೋಗ್ತದ. ನನ್ನ ಫೋನಿನಾಗ ಯಾವಾಗ್ಲೂ ನೆಟವರ್ಕ್ ಇರ್ತದರಿ, ನನಗ ನೆನಪೇ ಆಗ್ಲಿಲ್ಲ."

ಕಳಿಸಿದ ದಾಖಲೆಗೆ ಭಯವಿಲ್ಲ, ಅದು ಸರ್ವರಿನಲ್ಲಿ ಇರುತ್ತದೆ, ಹೊಸದರಲ್ಲಿ ಅದೇ ಫೋನ್ ನಂಬರು ಕೊಟ್ಟು ಒಳಗೆ ಹೋದರೆ ಮರಳಿ ಬರುತ್ತದೆ ಎಂದೂ ಹೇಳಿದಳು. ಗಡಿಯಾರದ ಗುರುತು ಇರುವವಕ್ಕೆ ಮಾತ್ರ ಫೋನು ಬಿಟ್ಟರೆ ಬೇರೆ ಮನೆಯಿಲ್ಲ.

ಮಹಾನಂದಾ ನಿಂಬೆವ್ವನಿಗೆ ಹಳೆಯದನ್ನು ಮುಟ್ಟಬೇಡಿರೆಂದು ತಿಳಿಸಿ, ಕಾಗದವನ್ನು ಎಲ್ಲರ ಫೋನಿನಿಂದ ಅಳಿಸಿದಳು. ಅದರ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಬಂತು. ಆರು ತಿಂಗಳಲ್ಲಿ ಗುಂಪಿಗೆ ಬಂದ ಯಾವ ಕಾಗದಕ್ಕೂ ಸಿಗದ ಕುತೂಹಲ ಆ ಸಾಲಿಗೆ ಸಿಕ್ಕಿತು. ಅಳಿಸಿದ್ದರಲ್ಲಿ ಏನಿತ್ತು, ಯಾರ ವಿಷಯ ಇತ್ತು ಎಂದು ಕೇಳಲು ಚೌಡಾಪುರದ ಖಾಸೀಂಬಿ ತಾನಾಗಿಯೇ ಫೋನ್ ಮಾಡಿದಳು. ಅವಳು ಕಾಗದವನ್ನೇ ಓದಿರಲಿಲ್ಲ, ಹೆಬ್ಬೆರಳು ಮಾತ್ರ ಒತ್ತಿದ್ದಳು. ಮಹಾನಂದಾಳಿಗೆ ಆ ಕ್ಷಣ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

ಉಳಿದವರನ್ನು ಅವಳೂ ಜಗದೇವನೂ ಹಂಚಿಕೊಂಡು ಫೋನ್ ಮಾಡಿದರು. ಎಳ್ಳಮಾವಾಸ್ಯೆ ಕಳೆದು ತೊಗರಿ ರಾಶಿಯ ದಿನಗಳು. ಹೆಚ್ಚಿನವರು ಹೊಲದಲ್ಲಿದ್ದರು, ಫೋನು ಬುತ್ತಿ ಗಂಟಿನಲ್ಲಿತ್ತು. ತನ್ನ ಕಾಗದವನ್ನು ಯಾರೂ ಓದುವುದಿಲ್ಲವೆಂದು ಬೆಳಿಗ್ಗೆಯಷ್ಟೇ ಕೊರಗಿದವಳು, ಓದಿಲ್ಲ ಎಂಬ ಉತ್ತರ ಬಂದಾಗಲೆಲ್ಲ ಹೆಸರು ಬರೆದ ಚೀಟಿಯ ಮೇಲೆ ಸಂತೋಷದಿಂದ ಗೀಟು ಹಾಕಿದಳು. ನಿಂಬೆವ್ವ, ಖಾಸೀಂಬಿ ಸೇರಿ ಹನ್ನೊಂದು ಮಂದಿ ಏನನ್ನೂ ಮುಟ್ಟಿರಲಿಲ್ಲ. ಇಬ್ಬರು ಹಳೆಯದನ್ನು ತೆಗೆದಿದ್ದರು, ಆದರೆ ಅವರದೆಲ್ಲ ಮುನ್ನಾ ದಿನವೇ ಸರ್ವರಿಗೆ ಹೋಗಿತ್ತು.

ಒಬ್ಬಳು ಮಾತ್ರ ಸಿಗಲಿಲ್ಲ. ಸರಸಂಬಾದ ಶರಣಬಸಮ್ಮ. ನಾಲ್ಕು ಸಲ ಮಾಡಿದರೂ ಫೋನು ವ್ಯಾಪ್ತಿಯ ಹೊರಗೆ.

ಹದಿನಾಲ್ಕು ಮಂದಿಯಲ್ಲಿ ಎಲ್ಲಕ್ಕಿಂತ ಅಚ್ಚುಕಟ್ಟಾದವಳು ಶರಣಬಸಮ್ಮ. ಔಷಧದ ಡಬ್ಬಿಯ ಮೇಲೆ ಬರೆದದ್ದನ್ನು ಕೊನೆಯ ಅಕ್ಷರದವರೆಗೆ ಓದಿ, ಹೇಳಿದಷ್ಟೇ ಅಳತೆ ಹಾಕುವವಳು. ಯಾರಾದರೂ ಕಾಗದ ಓದಿ ಅದರಲ್ಲಿದ್ದಂತೆ ಮಾಡಿದ್ದರೆ ಅದು ಅವಳೇ. ಮಹಾನಂದಾ ಜಗದೇವನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಸರಸಂಬಾಕ್ಕೆ ಹೊರಟಳು.

ಶರಣಬಸಮ್ಮ ಮನೆಯ ಮುಂದೆಯೇ ಇದ್ದಳು. ಇವರನ್ನು ಕಂಡು ಮುಖ ಅರಳಿಸಿ, ಫೋನು ತಂದು ತೋರಿಸಿದಳು. ಹತ್ತೂಮುಕ್ಕಾಲಕ್ಕೇ ಹಳೆಯದನ್ನು ತೆಗೆದು ಹೊಸದು ಹಾಕಿದ್ದೆ, ಎಲ್ಲರಿಗಿಂತ ಮೊದಲು ನಾನೇ ಅಲ್ಲವೇ ಎಂದಳು. ವಾರದಿಂದ ಟವರು ಕೈಕೊಡುತ್ತಿದೆ, ಬೆಳಿಗ್ಗೆ ಅರ್ಧ ಗಂಟೆ ಬಂದಿತ್ತು, ‘ಕಳಿಸು’ ಒತ್ತಲೂ ನಿಲ್ಲದೆ ಅಷ್ಟರೊಳಗೆ ಮುಗಿಸಿದೆ ಎಂದೂ ಹೇಳಿದಳು. ಆದರೆ ಈ ವಾರ ಬರೆದ ಇಪ್ಪತ್ಮೂರು ದಾಖಲೆ ಮಾತ್ರ ಕಾಣಿಸುತ್ತಿಲ್ಲ, ಅವು ಯಾವಾಗ ಬರುತ್ತವೆ?

ಮಹಾನಂದಾ ಕಟ್ಟೆಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವು ಬರುವುದಿಲ್ಲ. ಇಪ್ಪತ್ಮೂರು ದಾಖಲೆಗಳೂ ಹೋದವು. ನಿನ್ನದೇನೂ ತಪ್ಪಿಲ್ಲ.

ಶರಣಬಸಮ್ಮ ಫೋನಿನ ಪಟ್ಟಿಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಸರಿಸಿ ನೋಡಿದಳು. ಅಂಗಳದಲ್ಲಿ ಕಟ್ಟಿದ್ದ, ಇನ್ನೂ ಈಯದ ಮಣಕ ಬಾಲ ಬೀಸಿ ನೊಣ ಓಡಿಸುತ್ತಿತ್ತು.

"ಕಾಗದದಾಗ ಹೆಂಗ ಬರದಿತ್ತು, ಹಂಗೇ ಮಾಡೇನ್ರಿ ನಾ," ಎಂದಳು. ಬಯ್ದಿದ್ದರೆ ಮಹಾನಂದಾ ತಡೆದುಕೊಳ್ಳುತ್ತಿದ್ದಳು. ಈ ಮಾತು ತಡೆಯುವುದು ಕಷ್ಟವಾಯಿತು.

"ಖರೇ ಅದ, ತಂಗಿ. ನಾನೇ ತಪ್ಪು ಬರದೇನಿ. ಈಗ ಇಬ್ಬರೂ ಕೂಡಿ ಮನಿ ಮನಿ ತಿರಗಿ ಕೇಳೋಣ. ಎಷ್ಟು ಸಿಗತಾವೋ ಸಿಗಲಿ."

ಶರಣಬಸಮ್ಮ ಸೆರಗು ಬಿಗಿದು, ಹಳೆಯ ವಹಿಯೊಂದನ್ನು ಹುಡುಕಿ ತಂದಳು. ಜಗದೇವ ಕಚೇರಿಗೆ ಮರಳಿದ. ಇವರಿಬ್ಬರೂ ಓಣಿಗೆ ಇಳಿದರು.

ಮಧ್ಯಾಹ್ನ ಕಷ್ಟದಲ್ಲಿ ಕಳೆಯುತ್ತದೆಂದು ಮಹಾನಂದಾ ಅಂದುಕೊಂಡಿದ್ದಳು. ಆದರೆ ಅದು ಹಬ್ಬದ ಸುತ್ತಾಟವೇ ಆಯಿತು. ಪ್ರತಿ ಮನೆಯಲ್ಲಿಯೂ ಎಮ್ಮೆಯ ತಾರೀಖಿನ ಮೇಲೆ ಒಂದು ಕತೆ ಕೂತಿತ್ತು. ಒಬ್ಬ ಮುದುಕಿ, ತಮ್ಮ ಎಮ್ಮೆಗೆ ಇಂಜೆಕ್ಷನ್ ಕೊಡಿಸಿದ್ದು ಎಳ್ಳಮಾಸಿಯ ಮರುದಿನ, ಯಾಕೆಂದರೆ ಡಾಕ್ಟರರಿಗೆ ಉಳಿದ ಸಜ್ಜೆಕಡಬು ಕಟ್ಟಿಕೊಟ್ಟಿದ್ದೆ ಎಂದಳು. ಮತ್ತೊಂದು ಮನೆಯಲ್ಲಿ ಗೋಡೆಯ ಮೇಲೆ ಸುಣ್ಣದ ಗೀಟು ಎಳೆದಿದ್ದರು. ಇನ್ನೊಂದು ಕಡೆ ಗಂಡ ಶನಿವಾರ ಎಂದ, ಹೆಂಡತಿ ಶುಕ್ರವಾರ ಎಂದಳು. ವಾದ ಮುಗಿಯುವ ಮೊದಲೇ ಸೊಸೆ ಒಳಗಿನಿಂದ ಇಂಜೆಕ್ಷನ್ನಿನ ಚೀಟಿ ತಂದು ಗುರುವಾರ ಎಂದು ಇಬ್ಬರನ್ನೂ ಸುಮ್ಮನಾಗಿಸಿದಳು. ಎಲ್ಲ ಕಡೆ ಚಹಾ ಕುಡಿಯಲೇಬೇಕಾಯಿತು. ಐದನೆಯ ಮನೆಯ ಹೊತ್ತಿಗೆ ಶರಣಬಸಮ್ಮ ನಗುತ್ತಿದ್ದಳು. ಏಳನೆಯ ಮನೆಯಲ್ಲಿ, ತಪ್ಪು ಯಾರದೆಂದು ಯಾರೋ ಕೇಳಿದಾಗ, ‘ನಮ್ಮ ಮೇಡಂದು’ ಎಂದು ಬೆರಳು ತೋರಿಸಿ ಮಹಾನಂದಾಳನ್ನೂ ನಗಿಸಿದಳು.

ಸೂರ್ಯ ಇಳಿಯುವ ಹೊತ್ತಿಗೆ ಇಪ್ಪತ್ತೆರಡು ದಾಖಲೆ ವಹಿಯಲ್ಲಿದ್ದವು. ಉಳಿದದ್ದು ಒಂದೇ. ಒಂದು ಆಕಳು ಎಂದು ಬೆದೆಗೆ ಬಂದಿತ್ತು ಎಂಬುದು ಅದರ ಯಜಮಾನನಿಗೂ ನೆನಪಿರಲಿಲ್ಲ. ಎರಡು ದಿನ ಆಚೀಚೆ ಇರಬಹುದು, ಅಂದಾಜಿಗೆ ಒಂದು ತಾರೀಖು ಹಾಕು ಎಂದು ಮಹಾನಂದಾ ಹೇಳಿದಳು. ಶರಣಬಸಮ್ಮ ಒಪ್ಪಲಿಲ್ಲ. ಆ ಅಂದಾಜಿನ ಮೇಲೆ ಇಪ್ಪತ್ತೊಂದು ದಿನ ಎಣಿಸಿ ಮುಂದಿನ ಬೆದೆ ಕಾಯುತ್ತಾರೆ, ಎರಡು ದಿನ ತಪ್ಪಿದರೆ ಬೆದೆ ಬಂದು ಹೋಗಿರುತ್ತದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ ಎಂದಳು. ಆದರೆ ತಾರೀಖಿನ ಜಾಗ ಖಾಲಿ ಬಿಟ್ಟರೆ ಗೋದಲಿ ದಾಖಲೆಯನ್ನೇ ಉಳಿಸಿಕೊಳ್ಳಲಿಲ್ಲ. ಮೂರು ಸಲ ಒತ್ತಿದಳು, ಮೂರು ಸಲವೂ ಕೆಂಪು ಗೆರೆ ಬಂತು.

"ಮೇಡಂ, ಇದು ಹುಳ ಹೌದೋ ಅಲ್ಲೋ?" ಎಂದು ಕೇಳಿದಳು.

ಮಹಾನಂದಾ ಪರದೆಯ ಚಿತ್ರ ತೆಗೆಸಿದಳು. ಏನು ಮಾಡುತ್ತಿದ್ದೆ, ಏನು ಬರಬೇಕಿತ್ತು, ಏನು ಬಂತು, ಎಷ್ಟು ಸಲ ಹಾಗಾಯಿತು ಎಂದು ಶರಣಬಸಮ್ಮ ಅಲ್ಲಿಯೇ ಕಟ್ಟೆಯ ಮೇಲೆ ಕೂತು ಬರೆದಳು. ಆರು ತಿಂಗಳಲ್ಲಿ ಭಾಗ್ಯಜ್ಯೋತಿಗೆ ಬಂದ ಮೊದಲ ಪೂರ್ಣ ವರದಿ ಅದು. ‘ತಾರೀಖು ಗೊತ್ತಿಲ್ಲ’ ಎಂಬ ಗುಂಡಿಯೊಂದನ್ನು ಅವಳು ಆ ರಾತ್ರಿಯೇ ಸೇರಿಸಿದಳಂತೆ.

ಬುಧವಾರ ಭಾಗ್ಯಜ್ಯೋತಿ ಎರಡು ಬಸ್ಸು ಬದಲಿಸಿ ಆಳಂದಕ್ಕೆ ಬಂದಳು. ನೇರ ಬರಬಹುದಿತ್ತು, ಕಲಬುರಗಿಯಲ್ಲಿ ಇಳಿದು ರಿಪೇರಿಯವನ ಹತ್ತಿರ ಹೋಗಿದ್ದಳು. ಕೆಟ್ಟ ಲ್ಯಾಪ್‌ಟಾಪ್ ಇನ್ನೂ ಅವನ ಬಳಿಯೇ ಇತ್ತು. ಬೋರ್ಡು ಸುಟ್ಟಿದ್ದರೂ ಡಿಸ್ಕು ಚೆನ್ನಾಗಿತ್ತು. ಅದನ್ನು ಬಿಚ್ಚಿಸಿ ಬೇರೆ ಯಂತ್ರಕ್ಕೆ ಜೋಡಿಸಿದಾಗ, ಹಳೆಯ ಗುರುತು ಇದ್ದ ಸಣ್ಣ ಫೈಲು ಅದರೊಳಗೆ ಸಿಕ್ಕಿತ್ತು. ಅದನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ, ಹತ್ತನೆಯ ಆವೃತ್ತಿ ಕಟ್ಟಿದ್ದಳು. ಈಗ, ಒಂಬತ್ತನೆಯದನ್ನು ಹಾಕಿಕೊಂಡ ಮೂವರನ್ನು ಬಿಟ್ಟರೆ, ಯಾರೂ ಹಳೆಯದನ್ನು ತೆಗೆಯಬೇಕಾಗಿಲ್ಲ, ಹೊಸದು ಅದರ ಮೇಲೆಯೇ ಕೂರುತ್ತದೆ. ಕಚೇರಿಯ ಎರಡು ಫೋನಿನಲ್ಲಿ, ನೆಟ್‌ವರ್ಕ್ ಬಂದ್ ಮಾಡಿ, ದಾಖಲೆ ಬರೆದು, ಕಳಿಸದೆಯೇ ಅಪ್‌ಡೇಟ್ ಮಾಡಿ ನೋಡಿದರು. ದಾಖಲೆಗಳು ಎಲ್ಲಿಗೂ ಹೋಗದೆ ಕೂತಿದ್ದವು. ಭಾಗ್ಯಜ್ಯೋತಿ ನಿಟ್ಟುಸಿರು ಬಿಟ್ಟು, ಎರಡು ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು. ಆ ಸಣ್ಣ ಫೈಲನ್ನು ಮೂರು ಕಡೆ ನಕಲು ಮಾಡಿ, ಒಂದನ್ನು ಪೆನ್ ಡ್ರೈವಿನಲ್ಲಿ ಹಾಕಿ ಒಕ್ಕೂಟದ ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿಸಿದಳು.

ಕಾಗದ ಮತ್ತೆ ಬರೆಯಬೇಕಾಯಿತು. ತಪ್ಪು ತನ್ನದೆಂದು ಬರೆಯಿರಿ ಎಂದು ಭಾಗ್ಯಜ್ಯೋತಿ ಹಟ ಹಿಡಿದಳು. ಕೆಳಗೆ ಹೆಸರು ಹಾಕಿದವಳು ತಾನು, ಕೇಳದೆ ಬರೆದವಳೂ ತಾನು ಎಂದು ಮಹಾನಂದಾ ಬಿಡಲಿಲ್ಲ. ಬರೆದ ಮೇಲೆ ಈ ಸಲ ಗುಂಪಿಗೆ ಹಾಕುವ ಮೊದಲು ನಿಂಬೆವ್ವನಿಗೆ ಫೋನಿನಲ್ಲಿ ಓದಿ ಹೇಳಿದಳು. ನಿಂಬೆವ್ವ ಗುಡಿಯ ಕಟ್ಟೆಯ ಮೇಲೆ ನಿಂತು ಸಾಲು ಸಾಲಿಗೂ ತಡೆದಳು. ‘ದಾಖಲೆ ಸಿಂಕ್ ಮಾಡಿರಿ’ ಎಂದರೆ ಏನು? ಎಷ್ಟು ಹೊತ್ತು ಕಾಯಬೇಕು? ಆ್ಯಪು ತೆರೆಯದೇ ಹೋದರೆ ಆ್ಯಪಿನೊಳಗಿನ ಗುಂಡಿಯನ್ನು ಹೇಗೆ ಒತ್ತಬೇಕು? ಕೊನೆಯ ಪ್ರಶ್ನೆಗೆ ಭಾಗ್ಯಜ್ಯೋತಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ಎರಡು ಗಂಟೆಯ ನಂತರ ಕಾಗದ ಹೀಗಾಯಿತು.

‘ಅಕ್ಕಂದಿರಿಗೆ ಮಹಾನಂದಾಳ ಶರಣು.

ಮೊದಲು ತಪ್ಪಿನ ಮಾತು. ಸೋಮವಾರದ ಕಾಗದದಲ್ಲಿ ಹಳೆಯ ಗೋದಲಿ ತೆಗೆದು ಹೊಸದು ಹಾಕಿರಿ ಎಂದು ಬರೆದಿದ್ದೆ. ಹಾಗೆ ಮಾಡಿದರೆ ಫೋನಿನಿಂದ ಇನ್ನೂ ಹೋಗದ ದಾಖಲೆಗಳು ಅಳಿದು ಹೋಗುತ್ತವೆ. ಸರಸಂಬಾದ ಶರಣಬಸಮ್ಮನವರ ಇಪ್ಪತ್ಮೂರು ದಾಖಲೆ ಹಾಗೆ ಹೋದವು. ಅವರು ಕಾಗದದಲ್ಲಿದ್ದಂತೆ ಮಾಡಿದರು, ತಪ್ಪು ಕಾಗದದ್ದು.

ಈಗ ಹೀಗೆ ಮಾಡಿರಿ. ನೆಟ್‌ವರ್ಕ್ ಇರುವ ಕಡೆ ನಿಂತು ಗೋದಲಿ ತೆರೆದು ‘ಕಳಿಸು’ ಒತ್ತಿರಿ. ಗಡಿಯಾರದ ಗುರುತುಗಳೆಲ್ಲ ಹೋಗಿ ಹಸಿರು ಗುರುತು ಬರುವವರೆಗೆ ಕಾಯಿರಿ. ಫೋಟೋ ಬಹಳ ಇದ್ದರೆ ಒಂದು ಚಹಾ ಕುಡಿಯುವಷ್ಟು ಹೊತ್ತು ಬೇಕಾಗುತ್ತದೆ. ಆಮೇಲೆ ಈ ಕಾಗದದ ಜೊತೆಗಿರುವ ಹತ್ತನೆಯ ಆವೃತ್ತಿಯ ಫೈಲು ಒತ್ತಿ, ‘ಅಪ್‌ಡೇಟ್’ ಅನ್ನಿರಿ. ಹಳೆಯದನ್ನು ತೆಗೆಯಬೇಡಿರಿ. ಸೋಮವಾರ ಒಂಬತ್ತನೆಯದನ್ನು ಹಾಕಿಕೊಂಡ ಮೂವರು ಮಾತ್ರ ಏನೂ ಒತ್ತುವ ಮೊದಲು ನನಗೆ ಫೋನ್ ಮಾಡಿರಿ. ನಿಮ್ಮದರಲ್ಲಿ ಒಮ್ಮೆ ತೆಗೆದು ಹಾಕಲೇಬೇಕು, ಎಲ್ಲ ಹೋಗಿದೆಯೆಂದು ಇಲ್ಲಿ ನೋಡಿಕೊಂಡ ಮೇಲೆ ಹೇಳುತ್ತೇನೆ.

ಬದಲಾದದ್ದು. ಎಮ್ಮೆಗೆ ಇನ್ನು ಮುನ್ನೂರ ಹತ್ತು ದಿನದ ಲೆಕ್ಕ. ನೀವು ಬರೆದ ಎಮ್ಮೆಗಳ ಈಯುವ ದಿನ ಇಪ್ಪತ್ತೇಳು ದಿನ ಮುಂದೆ ಕಾಣುತ್ತದೆ, ಅದು ತಪ್ಪಲ್ಲ. ಆಕಳಿನದು ಬದಲಾಗಿಲ್ಲ. ಕಳಿಸದೆ ಉಳಿದ ದಾಖಲೆ ಎಷ್ಟೆಂದು ಮೇಲೆ ಅಂಕಿ ಕಾಣುತ್ತದೆ. ತಾರೀಖು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಒತ್ತಬಹುದು. ಇದನ್ನು ಕೇಳಿದವರು ಶರಣಬಸಮ್ಮನವರು.

ಹುಳ ಕಂಡರೆ ‘ತಪ್ಪು ತಿಳಿಸಿ’ ಗುಂಡಿ ಒತ್ತಿ, ಡಾಕ್ಟರಿಗೆ ಹೇಳುವಂತೆ ಹೇಳಿರಿ. ಏನು ಮಾಡುತ್ತಿದ್ದಿರಿ, ಏನು ಬರಬೇಕಿತ್ತು, ಏನು ಬಂತು, ಮತ್ತೆ ಮಾಡಿದರೂ ಹಾಗೇ ಆಗುತ್ತದೆಯೋ. ಪರದೆಯ ಚಿತ್ರ ಇದ್ದರೆ ಸೇರಿಸಿರಿ. ನಿಮ್ಮ ಫೋನು ಯಾವುದು, ಆವೃತ್ತಿ ಯಾವುದು ಎಂಬುದನ್ನು ಗುಂಡಿ ತಾನೇ ಹೇಳುತ್ತದೆ. ಆ್ಯಪು ತೆರೆಯದೇ ಹೋದರೆ ಗುಂಪಿನಲ್ಲಿ ಬಾಯಿಮಾತಿನ ಸಂದೇಶ ಕಳಿಸಿರಿ, ಆಗ ಫೋನು ಯಾವುದೆಂದು ನೀವೇ ಹೇಳಬೇಕು. ಯಾವ ತಪ್ಪೂ ಸಣ್ಣದಲ್ಲ. ನಿಂಬೆವ್ವನವರು ಒಂದು ಪ್ರಶ್ನೆ ಕೇಳಿದ್ದರಿಂದ ಅವರದೇ ನಲವತ್ತೊಂದು ದಾಖಲೆ ಉಳಿದವು.’

ಈ ಕಾಗದಕ್ಕೆ ಹೆಬ್ಬೆರಳು ಬರಲಿಲ್ಲ. ಮೊದಲ ಹತ್ತು ನಿಮಿಷ ಏನೂ ಬರಲಿಲ್ಲ. ಹೆಸರು ಬಂದ ಇಬ್ಬರನ್ನು ಉಳಿದವರು ಅಭಿನಂದಿಸಲು ಶುರುಮಾಡಿದರು. ನಂತರ ವರದಿಗಳು ಬಂದವು. ಒಬ್ಬಳ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಿಂದ ‘ಕಳಿಸು’ ಗುಂಡಿ ಪರದೆಯ ಕೆಳಗೆ ಮುಳುಗಿತ್ತು. ಹಳೆಯ ಕನ್ನಡಕದ ಐವರು ಅಕ್ಷರ ದೊಡ್ಡದಾಗಿಸಿಕೊಂಡವರೇ ಆದ್ದರಿಂದ ಐದೂ ಕಡೆ ಅದೇ ಹುಳ. ಜೇವರ್ಗಿಯ ಸುಮಂಗಲಾ, ಒಂದೇ ಹೆಸರಿನ ಎರಡು ಎಮ್ಮೆ ಬರೆದರೆ ಎರಡನೆಯದರ ಫೋಟೋ ಮೊದಲನೆಯದಕ್ಕೆ ಹೋಗುತ್ತದೆ, ನಾಲ್ಕು ಸಲ ಮಾಡಿ ನೋಡಿದೆ, ನಾಲ್ಕು ಸಲವೂ ಹೋಯಿತು ಎಂದು ಬರೆದಳು. ಊರಿನ ಅರ್ಧ ಎಮ್ಮೆಗಳಿಗೆ ಗೌರಿ ಎಂದೇ ಹೆಸರು ಎಂಬುದು ಭಾಗ್ಯಜ್ಯೋತಿಗೆ ಹೊಳೆದಿರಲಿಲ್ಲ. ಒಂದು ವಾರದಲ್ಲಿ ಮೂವತ್ತೊಂದು ವರದಿ ಬಂದವು. ಸಾಕು, ಸ್ವಲ್ಪ ನಿಲ್ಲಿಸಲು ಹೇಳಿ ಅಕ್ಕಾ ಎಂದು ಅವಳು ಫೋನ್ ಮಾಡಿದಾಗ, ಮಹಾನಂದಾ ಕುರ್ಚಿಗೆ ಒರಗಿ, ಅದು ತನ್ನಿಂದಾಗದು ಎಂದಳು.

ಮೂವತ್ತೆರಡನೆಯದು ಖಾಸೀಂಬಿಯದು. ಅವಳು ಕಾಗದ ಓದಿದ್ದಾಳೆ ಎಂಬುದೇ ಮಹಾನಂದಾಳಿಗೆ ದೊಡ್ಡ ಸುದ್ದಿ. ಕ್ರಮವಾಗಿ ಬರೆದಿದ್ದಳು. ಎಮ್ಮೆಯ ದಾಖಲೆ ತೆರೆದೆ. ಈಯುವ ದಿನ ಹದಿನೆಂಟು ಎಂದು ತೋರಿಸುತ್ತದೆ. ಆದರೆ ಎಮ್ಮೆ ಹದಿನಾಲ್ಕಕ್ಕೇ, ಇವತ್ತು ಮುಂಜಾನೆ, ಈದಿದೆ. ಹೆಣ್ಣುಕರು. ಮತ್ತೆ ಮಾಡಿದರೂ ಹೀಗೇ ಆಗುತ್ತದೆಯೋ ಎಂಬುದನ್ನು ಮುಂದಿನ ಗಬ್ಬಕ್ಕೆ ನೋಡಿ ಹೇಳುತ್ತೇನೆ. ಚಿತ್ರ ಸೇರಿಸಿದ್ದೇನೆ. ಚಿತ್ರದಲ್ಲಿ ಪರದೆ ಇರಲಿಲ್ಲ. ಒದ್ದೆ ಮೈಯ ಕರುವೊಂದು ಕಾಲು ಅಗಲಿಸಿ ನಿಲ್ಲಲು ನೋಡುತ್ತಿತ್ತು.

ಇದನ್ನು ಯಾವ ಪಟ್ಟಿಗೆ ಹಾಕಬೇಕು, ನಾಲ್ಕು ದಿನ ಆಚೀಚೆ ಆಗುವುದು ತಪ್ಪಲ್ಲವಲ್ಲ ಎಂದು ಭಾಗ್ಯಜ್ಯೋತಿ ಕೇಳಿ ಕಳಿಸಿದಳು. ಮಹಾನಂದಾ ಉತ್ತರ ಬರೆಯುವುದನ್ನು ಆಮೇಲಿಗೆ ಬಿಟ್ಟು, ಕರುವಿಗೆ ಗಿಣ್ಣದ ಹಾಲು ಸರಿಯಾಗಿ ಕುಡಿಸಿದರೋ ಇಲ್ಲವೋ ಎಂದು ವಿಚಾರಿಸಲು ಚೌಡಾಪುರಕ್ಕೆ ಫೋನ್ ಮಾಡಿದಳು.